ಆಡಿಟರ್ ಬರೆಯುವ ಎರಡು ಪ್ಯಾರಾ

ಜುಲೈ–ಆಗಸ್ಟ್ ಬಂತೆಂದರೆ ಷೇರುದಾರರ ಇಮೇಲ್‌ಗೆ ವಾರ್ಷಿಕ ವರದಿಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಒಂದೊಂದೂ ಮುನ್ನೂರು, ನಾನೂರು ಪುಟ. ಮೊದಲ ಪುಟಗಳಲ್ಲಿ ಬಣ್ಣದ ಚಿತ್ರಗಳು, ನಗುಮುಖದ ನೌಕರರು, ಅಧ್ಯಕ್ಷರ ಪತ್ರ, ಮುಂದಿನ ಹತ್ತು ವರ್ಷಗಳ ಕನಸು. ದಾವಣಗೆರೆಯ ನಿವೃತ್ತ ಮೇಷ್ಟ್ರಾಗಲಿ, ಬೆಂಗಳೂರಿನ ಐಟಿ ಉದ್ಯೋಗಿಯಾಗಲಿ, ಬಹುತೇಕರು ಈ ವರ್ಷ ಲಾಭ ಎಷ್ಟು, ಡಿವಿಡೆಂಡ್ ಎಷ್ಟು ಎಂದು ನೋಡಿ ಫೈಲ್ ಮುಚ್ಚಿಬಿಡುತ್ತಾರೆ.

ಆ ಪುಟಗಳ ನಡುವೆ, ಬ್ಯಾಲೆನ್ಸ್ ಶೀಟ್‌ಗೆ ಸ್ವಲ್ಪ ಮುಂಚೆ, ಚಿತ್ರವಿಲ್ಲದ ಒಂದು ಭಾಗವಿರುತ್ತದೆ. ಕಂಪನಿಯ ಸದಸ್ಯರಿಗೆ, ಅಂದರೆ ಷೇರುದಾರರಿಗೆ, ಎಂಬ ಸಂಬೋಧನೆಯಿಂದ ಅದು ಶುರುವಾಗುತ್ತದೆ. ಇಡೀ ಪುಸ್ತಕದಲ್ಲಿ ಕಂಪನಿಯ ಆಡಳಿತದವರಲ್ಲದ ಒಬ್ಬರು ಸಹಿ ಹಾಕಿ ಷೇರುದಾರನಿಗೆ ನೇರವಾಗಿ ಬರೆದ ಮುಖ್ಯ ಪತ್ರ ಅದು: ಲೆಕ್ಕಪರಿಶೋಧಕರ ವರದಿ. 2018ರ ಏಪ್ರಿಲ್‌ನಿಂದ ಜಾರಿಯಾದ ಪರಿಷ್ಕೃತ ಮಾನದಂಡಗಳ ಪ್ರಕಾರ ಆಡಿಟರ್ ತನ್ನ ಅಭಿಪ್ರಾಯವನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು, ಅದಕ್ಕೆ ಆಧಾರವೇನು ಎಂಬುದನ್ನು ಅದರ ಬೆನ್ನಿಗೇ ಬರೆಯಬೇಕು. ವರದಿ ಹತ್ತು ಪುಟವಿರಬಹುದು. ಷೇರುದಾರ ಬಿಡದೇ ಓದಬೇಕಾದದ್ದು ಈ ಎರಡು ಭಾಗ.

ಎರಡೇ ಪ್ರಶ್ನೆ

ಆಡಿಟರ್ ಕಂಪನಿಯ ಪ್ರತಿಯೊಂದು ಚೀಟಿಯನ್ನೂ ನೋಡುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಅಗುಳು ಹಿಚುಕಿ ನೋಡುವಂತೆ, ಆಯ್ದ ವ್ಯವಹಾರಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಎಷ್ಟು ದೊಡ್ಡ ತಪ್ಪಾದರೆ ಅದು ಹೂಡಿಕೆದಾರನ ತೀರ್ಮಾನವನ್ನು ಬದಲಿಸಬಲ್ಲದು ಎಂಬ ಒಂದು ಮಿತಿಯನ್ನು ಮೊದಲೇ ಹಾಕಿಕೊಂಡಿರುತ್ತಾರೆ. ತೆರಿಗೆಗೆ ಮುಂಚಿನ ಲಾಭದ ಶೇ 5ರಷ್ಟನ್ನು ಮಿತಿಯಾಗಿ ಇಟ್ಟುಕೊಳ್ಳುವುದು ವೃತ್ತಿಯಲ್ಲಿ ರೂಢಿಯಲ್ಲಿರುವ ಒಂದು ಅಂದಾಜು. ಆ ಮಿತಿಯ ಒಳಗಿನ ಸಣ್ಣ ತಪ್ಪುಗಳು ಉಳಿದಿದ್ದರೂ ಅಭಿಪ್ರಾಯ ಬದಲಾಗುವುದಿಲ್ಲ.

ಮಿತಿ ಮೀರಿದ ಸಮಸ್ಯೆ ಕಂಡಾಗ ಆಡಿಟರ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಮೊದಲನೆಯದು: ಲೆಕ್ಕ ತಪ್ಪು ಎಂದು ನನಗೆ ಗೊತ್ತಾಗಿದೆಯೇ, ಅಥವಾ ಸರಿಯೋ ತಪ್ಪೋ ಹೇಳಲು ಬೇಕಾದ ಪುರಾವೆಯೇ ನನಗೆ ಸಿಗಲಿಲ್ಲವೇ? ಎರಡನೆಯದು: ಇದು ಲೆಕ್ಕಪತ್ರದ ಒಂದು ಮೂಲೆಗೆ ಸೀಮಿತವೇ, ಇಡೀ ಲೆಕ್ಕಪತ್ರಕ್ಕೇ ಹಬ್ಬಿದೆಯೇ? ನಾಲ್ಕು ಬಗೆಯ ಅಭಿಪ್ರಾಯಗಳು ಈ ಎರಡು ಉತ್ತರಗಳಿಂದ ಹುಟ್ಟುತ್ತವೆ.

ಒಂದು ಕಾಲ್ಪನಿಕ ಕಂಪನಿಯನ್ನೇ ತೆಗೆದುಕೊಳ್ಳೋಣ. ಅದರ ಲಾಭ 100 ಕೋಟಿ ರೂಪಾಯಿ. ಒಬ್ಬ ಗ್ರಾಹಕನಿಂದ 2 ಕೋಟಿ ಬರಬೇಕಿದೆ, ಆದರೆ ಆತ ದಿವಾಳಿ. ಈ ಹಣ ಬರುವುದಿಲ್ಲವೆಂದು ಕಂಪನಿ ಲೆಕ್ಕದಲ್ಲಿ ಕಳೆದಿಲ್ಲ. ಆಡಿಟರ್ ತಿದ್ದಲು ಹೇಳುತ್ತಾರೆ. ಮಿತಿಯ ಒಳಗಿನ ಮೊತ್ತವಾದ್ದರಿಂದ ತಿದ್ದದಿದ್ದರೂ ವರದಿ ಶುದ್ಧವಾಗಿಯೇ ಬರುತ್ತದೆ. ಇದೇ ಬಾಕಿ 30 ಕೋಟಿ ಇದ್ದು, ಕಂಪನಿ ತಿದ್ದಲು ಒಪ್ಪದಿದ್ದರೆ? ತೆರಿಗೆಯ ಲೆಕ್ಕ ಬದಿಗಿಟ್ಟರೆ ನಿಜವಾದ ಲಾಭ 70 ಕೋಟಿ. ತಪ್ಪು ದೊಡ್ಡದು, ಆದರೆ ಎಲ್ಲಿದೆ, ಎಷ್ಟಿದೆ ಎಂದು ಬೆರಳಿಟ್ಟು ತೋರಿಸಬಹುದು. ಆಗ ಬರುವುದು ಕ್ವಾಲಿಫೈಡ್, ಅಂದರೆ ಷರತ್ತಿನ ಅಭಿಪ್ರಾಯ: ಈ ಒಂದು ವಿಷಯ ಹೊರತುಪಡಿಸಿ ಉಳಿದದ್ದು ಸರಿ.

ಅದೇ ಕಂಪನಿಗೆ 600 ಕೋಟಿ ಸಾಲ ಹೊತ್ತ ಅಂಗಸಂಸ್ಥೆಯೊಂದಿದೆ, ಅದನ್ನು ಸಮೂಹದ ಕ್ರೋಡೀಕೃತ ಲೆಕ್ಕಕ್ಕೆ ಸೇರಿಸಿಯೇ ಇಲ್ಲ ಎಂದುಕೊಳ್ಳಿ. ಆಸ್ತಿ, ಸಾಲ, ಬಡ್ಡಿ, ಲಾಭ, ನಗದು ಹರಿವು, ಯಾವ ಸಾಲೂ ನಂಬುವಂತಿಲ್ಲ. ಇದು ಅಡ್ವರ್ಸ್, ಅಂದರೆ ಪ್ರತಿಕೂಲ ಅಭಿಪ್ರಾಯ. ಇನ್ನು, ಮಾರಾಟದ ದಾಖಲೆಗಳೇ ನಾಶವಾಗಿವೆ, ಗ್ರಾಹಕರಿಂದ ದೃಢೀಕರಣ ಬಂದಿಲ್ಲ, ಬ್ಯಾಂಕು ಉತ್ತರಿಸಿಲ್ಲ ಎಂದಾದರೆ ಆಡಿಟರ್‌ಗೆ ತಪ್ಪೆಂದು ಹೇಳಲೂ ಆಧಾರವಿಲ್ಲ, ಸರಿಯೆಂದು ಹೇಳಲೂ ಇಲ್ಲ. ಆಗ ಬರುವುದು ಡಿಸ್‌ಕ್ಲೇಮರ್, ಅಭಿಪ್ರಾಯ ಕೊಡಲಾರೆ ಎಂಬ ಹೇಳಿಕೆ.

ಶುದ್ಧ ವರದಿಯ ಮಿತಿ

ಅನ್‌ಕ್ವಾಲಿಫೈಡ್ ಅಥವಾ ಕ್ಲೀನ್ ರಿಪೋರ್ಟ್ ಹೇಳುವುದು ಇಷ್ಟು: ಲೆಕ್ಕಪತ್ರ ನಿಯಮಾನುಸಾರ ಇದೆ, ಕಂಪನಿಯ ಸ್ಥಿತಿಯ ನೈಜ ಹಾಗೂ ನ್ಯಾಯಯುತ ಚಿತ್ರ ಕೊಡುತ್ತದೆ. ಕಂಪನಿ ಚೆನ್ನಾಗಿದೆ, ಷೇರು ಕೊಳ್ಳಬಹುದು ಎಂದು ಅದು ಹೇಳುವುದಿಲ್ಲ. ಸಾವಿರಾರು ಕೋಟಿ ನಷ್ಟವನ್ನು ಪ್ರಾಮಾಣಿಕವಾಗಿ ಬರೆದಿಟ್ಟ ಕಂಪನಿಗೂ ಶುದ್ಧ ವರದಿಯೇ ಸಿಗುತ್ತದೆ.

ಪುರಾವೆಯೇ ನಕಲಿಯಾಗಿದ್ದು, ಆಡಿಟರ್ ಅದನ್ನು ಸ್ವತಂತ್ರವಾಗಿ ಪರಿಶೀಲಿಸದಿದ್ದರೆ ಶುದ್ಧ ವರದಿಯೂ ಪೊಳ್ಳಾಗುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಇದಕ್ಕೆ ದೊಡ್ಡ ಸಾಕ್ಷಿ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ವರ್ಷಗಟ್ಟಲೆ ಆ ಲೆಕ್ಕಕ್ಕೆ ಪ್ರೈಸ್ ವಾಟರ್‌ಹೌಸ್‌ನ ಶುದ್ಧ ವರದಿ ಇತ್ತು. ಬ್ಯಾಂಕ್ ಶಿಲ್ಕನ್ನು ಪರೀಕ್ಷಿಸುವ ದಾರಿ ಸರಳ: ಆಡಿಟರ್ ತಾವೇ ಬ್ಯಾಂಕಿಗೆ ಪತ್ರ ಕಳಿಸಿ, ಉತ್ತರವನ್ನು ನೇರವಾಗಿ ತಮ್ಮ ಕೈಗೇ ತರಿಸಿಕೊಳ್ಳಬೇಕು. ಇಲ್ಲಿ ಆ ದೃಢೀಕರಣದ ಹಿಡಿತವನ್ನೇ ಕೈಬಿಡಲಾಗಿತ್ತು ಎಂದು ಅಮೆರಿಕದ ನಿಯಂತ್ರಣ ಸಂಸ್ಥೆಗಳು 2011ರಲ್ಲಿ ಹೇಳಿ ದಂಡ ಹಾಕಿದವು. ಹಗರಣ ಬಯಲಾದ ಒಂದು ವಾರದೊಳಗೆ ಆಡಿಟರ್ ಸಂಸ್ಥೆಯೇ ತನ್ನ ಹಿಂದಿನ ವರದಿಗಳನ್ನು ಇನ್ನು ನಂಬುವಂತಿಲ್ಲ ಎಂದು ಮಂಡಳಿಗೆ ಬರೆಯಿತು.

ಹಾಗಾಗಿ ಶುದ್ಧ ವರದಿ ಇದ್ದರೂ ಒಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬ್ಯಾಂಕಿನಲ್ಲಿ ಅಷ್ಟೊಂದು ಹಣವಿದ್ದರೆ ಅದಕ್ಕೆ ತಕ್ಕ ಬಡ್ಡಿ ಬಂದಿದೆಯೇ? ಅಷ್ಟು ಹಣ ಇಟ್ಟುಕೊಂಡು ಕಂಪನಿ ಸಾಲ ಏಕೆ ಮಾಡುತ್ತಿದೆ? ಇದಕ್ಕೆ ಲೆಕ್ಕಶಾಸ್ತ್ರದ ಪದವಿ ಬೇಕಿಲ್ಲ.

‘ಇದೊಂದನ್ನು ಬಿಟ್ಟು’

ಷೇರುದಾರನಿಗೆ ಅತ್ಯಂತ ಹೆಚ್ಚು ಮಾಹಿತಿ ಕೊಡುವುದು ಕ್ವಾಲಿಫೈಡ್ ಅಭಿಪ್ರಾಯ ಎಂಬುದು ನನ್ನ ನಂಬಿಕೆ. ಅದು ಒಂದು ಜಾಗವನ್ನು ತೋರಿಸಿ, ಇಲ್ಲಿ ನೋಡು ಎನ್ನುತ್ತದೆ. ಆದರೆ ಅದರಲ್ಲೇ ಎರಡು ಬಗೆಯಿದೆ, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮೊದಲ ಬಗೆ ಭಿನ್ನಾಭಿಪ್ರಾಯದ್ದು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಗುತ್ತಿಗೆಗೆ ಪಡೆದ ವಿಮಾನಗಳ ಎಂಜಿನ್‌ಗಳ ದೊಡ್ಡ ರಿಪೇರಿಗೆ ಮಾಡಿದ ವೆಚ್ಚವನ್ನು ಆಯಾ ವರ್ಷದ ಖರ್ಚಾಗಿ ಬರೆಯದೆ, ಆಸ್ತಿಯ ಪಟ್ಟಿಗೆ ಸೇರಿಸಿ ಹಲವು ವರ್ಷಗಳಿಗೆ ಹಂಚಿತ್ತು. ಈ ವಿಧಾನ ಲೆಕ್ಕ ಮಾನದಂಡಕ್ಕೆ ಅನುಗುಣವಾಗಿಲ್ಲ ಎಂದು ಆಡಿಟರ್ ವರದಿಯಲ್ಲೇ ಬರೆದಿದ್ದರು. ಇದರ ಅರ್ಥ ಓದುಗನಿಗೆ ಸ್ಪಷ್ಟ: ವೆಚ್ಚ ಮುಂದಕ್ಕೆ ಹೋಗಿದೆ, ಹಾಗಾಗಿ ವೆಚ್ಚ ಮಾಡಿದ ವರ್ಷದ ನಷ್ಟ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತಿದೆ, ಆಸ್ತಿ ಹೆಚ್ಚು ಕಾಣುತ್ತಿದೆ. ಇಂಥಲ್ಲಿ ಷೇರುದಾರ ತಾನೇ ಪೆನ್ನು ಹಿಡಿದು ಲೆಕ್ಕವನ್ನು ತಿದ್ದಿಕೊಳ್ಳಬಹುದು. 2012ರ ಅಕ್ಟೋಬರ್‌ನಲ್ಲಿ ಆ ವಿಮಾನಗಳ ಹಾರಾಟ ನಿಂತಿತು. ಅದಕ್ಕೆ ಕಾರಣ ಈ ಒಂದು ಲೆಕ್ಕವಲ್ಲ, ಸಾಲದ ಹೊರೆ. ಆದರೆ ಹೊರೆಯ ನಿಜವಾದ ತೂಕ ಅಳೆಯಲು ಬೇಕಾದ ಸುಳಿವು ಆಡಿಟರ್‌ ವರದಿಯಲ್ಲಿ ಮೊದಲೇ ಇತ್ತು.

ಎರಡನೆಯ ಬಗೆ ಪುರಾವೆ ಸಾಲದ್ದು. 2023ರ ಜನವರಿಯಲ್ಲಿ ಅಮೆರಿಕದ ಹಿಂಡೆನ್‌ಬರ್ಗ್ ಸಂಸ್ಥೆ ಅದಾನಿ ಸಮೂಹದ ಮೇಲೆ ಆರೋಪಗಳ ವರದಿ ಹೊರಡಿಸಿತು. ಆ ವರ್ಷದ ಮೇ ಕೊನೆಯಲ್ಲಿ ಅದಾನಿ ಪೋರ್ಟ್ಸ್‌ನ ವಾರ್ಷಿಕ ಫಲಿತಾಂಶ ಬಂದಾಗ ಆಡಿಟರ್ ಡೆಲಾಯ್ಟ್ ಕ್ವಾಲಿಫೈಡ್ ಅಭಿಪ್ರಾಯ ಕೊಟ್ಟಿತು. ಆರೋಪದಲ್ಲಿ ಹೆಸರಿಸಿದ್ದ ಪಕ್ಷಗಳಿಗೆ ಸಂಬಂಧಿಸಿದ ಕೆಲವು ವ್ಯವಹಾರಗಳು ಅದರ ವಿಷಯ. ಅವರು ತನಗೆ ಸಂಬಂಧಪಟ್ಟ ಪಕ್ಷಗಳಲ್ಲ ಎಂದು ಕಂಪನಿ ಹೇಳಿತ್ತು. ತಾನೇ ಮೌಲ್ಯಮಾಪನ ಮಾಡಿದ್ದರಿಂದ, ಜೊತೆಗೆ ಸೆಬಿ ತನಿಖೆ ನಡೆಯುತ್ತಿದ್ದುದರಿಂದ, ಹೊರಗಿನವರಿಂದ ಸ್ವತಂತ್ರ ಪರಿಶೀಲನೆ ಅಗತ್ಯವಿಲ್ಲ ಎಂದೂ ತಿಳಿಸಿತ್ತು. ಕಂಪನಿಯ ಸ್ವಂತ ಮೌಲ್ಯಮಾಪನ ಆಡಿಟ್‌ಗೆ ಸಾಕಾಗುವ ಪುರಾವೆಯಲ್ಲ, ಆದ್ದರಿಂದ ಈ ವ್ಯವಹಾರಗಳಿಂದ ಲೆಕ್ಕ ಬದಲಾಗಬೇಕೇ ಎಂಬ ಬಗ್ಗೆ ಹೇಳಲಾಗುತ್ತಿಲ್ಲ ಎಂದು ಡೆಲಾಯ್ಟ್ ಬರೆಯಿತು. ಆಗಸ್ಟ್‌ನಲ್ಲಿ ಅದು ರಾಜೀನಾಮೆ ಕೊಟ್ಟಿತು. ಅದು ಕೊಟ್ಟ ಕಾರಣಗಳು ಮನವರಿಕೆಯಾಗುವಂಥವಲ್ಲ ಎಂದಿತು ಕಂಪನಿ.

ಈ ವಾಕ್ಯಗಳನ್ನು ಎಚ್ಚರದಿಂದ ಓದಬೇಕು. ಡೆಲಾಯ್ಟ್ ಇಲ್ಲಿ ತಪ್ಪು ನಡೆದಿದೆ ಎಂದು ಹೇಳಿಲ್ಲ. ಪರೀಕ್ಷಿಸುವಷ್ಟು ದಾಖಲೆ ನನ್ನ ಮುಂದಿಲ್ಲ ಎಂದಿದೆ, ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಸೆಬಿ ಹಿಂಡೆನ್‌ಬರ್ಗ್‌ನ ಕೆಲವು ಆರೋಪಗಳು ಸಾಬೀತಾಗಿಲ್ಲವೆಂದು ಆದೇಶ ಹೊರಡಿಸಿತು. ಪುರಾವೆ ಸಾಲದ ಷರತ್ತು ತೀರ್ಪಲ್ಲ, ಉತ್ತರ ಸಿಗದ ಪ್ರಶ್ನೆ. ಭಿನ್ನಾಭಿಪ್ರಾಯದ ಷರತ್ತಿನಲ್ಲಿ ಮಾಡುವಂತೆ ಇಲ್ಲಿ ಲಾಭದಿಂದ ಇಂತಿಷ್ಟು ಕಳೆದು ಮುಂದಕ್ಕೆ ಹೋಗಲಾಗದು. ಆ ಅನಿಶ್ಚಿತತೆಯನ್ನು ಹೊತ್ತುಕೊಂಡೇ ಷೇರು ಇಟ್ಟುಕೊಳ್ಳಬೇಕೇ ಎಂಬುದನ್ನು ಷೇರುದಾರನೇ ತೀರ್ಮಾನಿಸಬೇಕು.

ಎರಡು ಅಂಕಣದ ತಖ್ತೆ

ಲಿಸ್ಟೆಡ್ ಕಂಪನಿಗಳ ವಿಷಯದಲ್ಲಿ ಸಣ್ಣ ಹೂಡಿಕೆದಾರನ ಕೈಗೆ ಸೆಬಿ ಕೊಟ್ಟ ಒಂದು ಸಾಧನವಿದೆ, ಅದನ್ನು ಬಳಸುವವರು ಕಡಿಮೆ. ಆಡಿಟರ್ ಶುದ್ಧವಲ್ಲದ ಯಾವ ಅಭಿಪ್ರಾಯ ಕೊಟ್ಟರೂ ಕಂಪನಿ ವಾರ್ಷಿಕ ಫಲಿತಾಂಶದ ಜೊತೆಗೇ ಅದರ ಪರಿಣಾಮದ ತಖ್ತೆಯೊಂದನ್ನು ಷೇರುಪೇಟೆಗೆ ಸಲ್ಲಿಸಬೇಕು. 2016ರಿಂದ ಈಗಿನ ನಮೂನೆ ಚಾಲ್ತಿಯಲ್ಲಿದೆ. ಅದರಲ್ಲಿ ಎರಡು ಅಂಕಣ: ಕಂಪನಿ ಪ್ರಕಟಿಸಿದ ಅಂಕಿ ಒಂದು ಕಡೆ, ಆಡಿಟರ್ ಹೇಳಿದಂತೆ ತಿದ್ದಿದರೆ ಬರುವ ಅಂಕಿ ಇನ್ನೊಂದು ಕಡೆ. ವಹಿವಾಟು, ಖರ್ಚು, ಲಾಭ, ಪ್ರತಿ ಷೇರಿನ ಗಳಿಕೆ, ನಿವ್ವಳ ಮೌಲ್ಯ ಎಲ್ಲವೂ ಅಕ್ಕಪಕ್ಕ. ನಮ್ಮ ಕಾಲ್ಪನಿಕ ಕಂಪನಿಯಾದರೆ ಲಾಭದ ಸಾಲಿನಲ್ಲಿ 100 ಮತ್ತು 70 ಒಟ್ಟಿಗೇ ಕಾಣುತ್ತಿದ್ದವು.

ಆ ಅಂಕಣಗಳ ಕೆಳಗಿನ ವಿವರ ಇನ್ನೂ ಮುಖ್ಯ. ಈ ಆಕ್ಷೇಪ ಮೊದಲ ಬಾರಿ ಬಂದಿದೆಯೇ, ಮತ್ತೆ ಮತ್ತೆ ಬರುತ್ತಿದೆಯೇ, ಎಷ್ಟು ಕಾಲದಿಂದ ಮುಂದುವರಿದಿದೆ ಎಂದು ಬರೆಯಬೇಕು. ಪರಿಣಾಮವನ್ನು ಆಡಿಟರ್ ಅಂಕಿಯಲ್ಲಿ ಹೇಳಿದ್ದರೆ ಆಡಳಿತದ ನಿಲುವೇನು; ಹೇಳಿರದಿದ್ದರೆ ಆಡಳಿತದ ಅಂದಾಜೇನು, ಅಂದಾಜು ಮಾಡಲಾಗದಿದ್ದರೆ ಏಕೆ; ಅದಕ್ಕೆ ಆಡಿಟರ್ ಏನೆನ್ನುತ್ತಾರೆ, ಇವೆಲ್ಲ ಅಲ್ಲಿರಬೇಕು. ಮುಖ್ಯ ಕಾರ್ಯನಿರ್ವಾಹಕ, ಹಣಕಾಸು ಮುಖ್ಯಸ್ಥ, ಆಡಿಟ್ ಸಮಿತಿಯ ಅಧ್ಯಕ್ಷ ಮತ್ತು ಆಡಿಟರ್ ನಾಲ್ವರೂ ಅದಕ್ಕೆ ಸಹಿ ಹಾಕುತ್ತಾರೆ. ಬಿಎಸ್ಇ, ಎನ್ಎಸ್ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿ, ವಾರ್ಷಿಕ ಫಲಿತಾಂಶದ ಕಡತ ತೆರೆದರೆ ಯಾರಿಗಾದರೂ ಸಿಗುತ್ತದೆ.

ಹೊಸ ಆಕ್ಷೇಪಕ್ಕಿಂತ ಹಳೆಯದಾದ, ಹೋಗದ ಆಕ್ಷೇಪ ಹೆಚ್ಚು ಕಳವಳ ತರಬೇಕು. ನಾಲ್ಕು ವರ್ಷ ಒಂದೇ ಬಾಕಿಯ ಬಗ್ಗೆ ಒಂದೇ ವಾಕ್ಯ ಇದ್ದು, ಆಡಳಿತದ ಉತ್ತರವೂ ಒಂದೇ ಆಗಿದ್ದರೆ ಆ ಹಣ ಬರುತ್ತದೆಂದು ನಂಬಲು ಕಾರಣ ಉಳಿಯುವುದಿಲ್ಲ. ಕಂಪನಿ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಆಡಿಟರ್ ಎತ್ತಿದ ಪ್ರತಿಯೊಂದು ಆಕ್ಷೇಪಕ್ಕೂ ನಿರ್ದೇಶಕ ಮಂಡಳಿ ತನ್ನ ವರದಿಯಲ್ಲಿ ವಿವರಣೆ ಕೊಡಲೇಬೇಕು. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ, ಅಥವಾ ವ್ಯತ್ಯಾಸವಿಲ್ಲದಿರುವುದು, ಕಣ್ಣಿಗೆ ಬೀಳುತ್ತದೆ.

ಪ್ರತಿಕೂಲ ವರದಿ ಏಕೆ ಅಪರೂಪ

ಅಡ್ವರ್ಸ್ ಅಭಿಪ್ರಾಯ ಷೇರುದಾರರ ಕಣ್ಣಿಗೆ ಬೀಳುವುದೇ ಕಡಿಮೆ. ಕಾರಣ, ಅದರಲ್ಲಿ ಆಡಿಟರ್‌ಗೆ ತಪ್ಪು ಗೊತ್ತಿರುತ್ತದೆ. ಗೊತ್ತಿರುವ ತಪ್ಪನ್ನು ತಿದ್ದಬಹುದು. ಕರಡು ವರದಿ ಮತ್ತು ಸಹಿ ಹಾಕಿದ ವರದಿಯ ನಡುವಿನ ವಾರಗಳಲ್ಲಿ ಕಂಪನಿ ಸಾಮಾನ್ಯವಾಗಿ ಬಗ್ಗುತ್ತದೆ, ಏಕೆಂದರೆ ಅಂಥ ವರದಿಯನ್ನು ನೋಡಿದ ಬ್ಯಾಂಕು ಮುಂದಿನ ಸಾಲ ಕೊಡಲು ಹಿಂಜರಿಯುತ್ತದೆ. ಆಡಿಟರ್‌ನ ನಿಜವಾದ ಬಲ ಇರುವುದು ಸಹಿಗೆ ಮುಂಚಿನ ಆ ಮಾತುಕತೆಯಲ್ಲೇ. ಅಮೆರಿಕದ ಷೇರು ನಿಯಂತ್ರಕರಂತೂ ಲಿಸ್ಟೆಡ್ ಕಂಪನಿಗಳಿಂದ ಇಂಥ ವರದಿಯನ್ನು ಸ್ವೀಕರಿಸುವುದೇ ಇಲ್ಲ. ಲೆಕ್ಕ ತಿದ್ದಿಕೊಂಡು ಬನ್ನಿ ಎನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ ಷೇರು ಪತ್ರ ಹೊಂದಿರುವ ನಮ್ಮ ಇನ್ಫೊಸಿಸ್, ವಿಪ್ರೊಗಳಿಗೂ ಅಲ್ಲಿ ಆ ನಿಯಮವೇ.

ಇಷ್ಟೆಲ್ಲ ಇದ್ದೂ ಅಡ್ವರ್ಸ್ ವರದಿ ಹೊರಬಂದಿದೆ ಎಂದರೆ, ತಪ್ಪನ್ನು ತೋರಿಸಿದ ಮೇಲೂ ಆಡಳಿತ ಅದನ್ನೇ ಪ್ರಕಟಿಸಲು ಹೊರಟಿದೆ ಎಂದರ್ಥ. ಆ ಲೆಕ್ಕಪತ್ರದಿಂದ ಬೆಲೆ–ಗಳಿಕೆ ಅನುಪಾತವನ್ನಾಗಲಿ, ಪುಸ್ತಕ ಮೌಲ್ಯವನ್ನಾಗಲಿ ಲೆಕ್ಕ ಹಾಕುವುದು ವ್ಯರ್ಥ.

ಹೇಳಲಾರೆ ಎಂಬ ವರದಿ

ಡಿಸ್‌ಕ್ಲೇಮರ್ ಬರುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಚೀನಾದ ಬೃಹತ್ ಗೃಹ ನಿರ್ಮಾಣ ಕಂಪನಿ ಎವರ್‌ಗ್ರಾಂಡ್‌ನ ಕಥೆ ನೋಡಿ. 2020ರ ಲೆಕ್ಕಕ್ಕೆ ಪಿಡಬ್ಲ್ಯುಸಿ ಶುದ್ಧ ವರದಿ ಕೊಟ್ಟಿತ್ತು. 2021ರಲ್ಲಿ ಕಂಪನಿ ಸಾಲ ತೀರಿಸಲಾಗದೆ ಕುಸಿಯಿತು. 2022ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಷೇರು ವಹಿವಾಟು ನಿಂತಿತು, 2023ರ ಜನವರಿಯಲ್ಲಿ ಪಿಡಬ್ಲ್ಯುಸಿ ರಾಜೀನಾಮೆ ಕೊಟ್ಟಿತು. 2021 ಮತ್ತು 2022ರ ಲೆಕ್ಕಪತ್ರ ಹೊರಬಂದದ್ದು 2023ರ ಜುಲೈನಲ್ಲಿ. ಎರಡು ವರ್ಷಗಳ ನಷ್ಟ ಸುಮಾರು 58 ಸಾವಿರ ಕೋಟಿ ಯುವಾನ್. ಹೊಸ ಆಡಿಟರ್ ಪ್ರಿಸಂ ಈ ಲೆಕ್ಕದ ಮೇಲೆ ಅಭಿಪ್ರಾಯ ಕೊಡಲಾರೆ ಎಂದಿತು.

ಷೇರು ಮಾರಲು ಬಾಗಿಲು ಮುಚ್ಚಿ ವರ್ಷ ಕಳೆದ ಮೇಲೆ ಬಂದ ಆ ಮಾತಿನಿಂದ ಷೇರುದಾರನಿಗೆ ಏನೂ ಸಿಗಲಿಲ್ಲ. ಆರು ತಿಂಗಳಲ್ಲಿ, 2024ರ ಜನವರಿಯಲ್ಲಿ, ಹಾಂಗ್‌ಕಾಂಗ್ ನ್ಯಾಯಾಲಯ ಕಂಪನಿಯನ್ನು ಮುಚ್ಚಲು ಆದೇಶಿಸಿತು. ಹಿಂದಿನ ಶುದ್ಧ ವರದಿಗಳಿಗಾಗಿ ಚೀನಾ ಸರ್ಕಾರ ಅದೇ ವರ್ಷ ಪಿಡಬ್ಲ್ಯುಸಿಯ ಚೀನಾ ಸಂಸ್ಥೆಗೆ 44.1 ಕೋಟಿ ಯುವಾನ್ ದಂಡ ಮತ್ತು ಆರು ತಿಂಗಳ ನಿರ್ಬಂಧ ಹಾಕಿತು. ಡಿಸ್‌ಕ್ಲೇಮರ್ ಕಂಡಾಗ ಮುಂದಿನ ವರ್ಷದ ವರದಿ ನೋಡೋಣ ಎಂದು ಕಾಯುವ ಆಯ್ಕೆ ಎಷ್ಟು ದುಬಾರಿ ಎಂಬುದಕ್ಕೆ ಇಷ್ಟು ಸಾಕು.

ಶುದ್ಧ, ಆದರೆ ಎಚ್ಚರಿಕೆಯೊಡನೆ

ಈ ನಾಲ್ಕರ ಹೊರಗೆ, ಅಭಿಪ್ರಾಯವನ್ನು ಬದಲಿಸದೆ ಎಚ್ಚರಿಸುವ ಕೆಲವು ಭಾಗಗಳಿವೆ. ಅವುಗಳಲ್ಲಿ ತೂಕದ್ದು ಒಂದೇ: ಕಂಪನಿ ಮುಂದೆ ನಡೆದುಕೊಂಡು ಹೋಗಬಲ್ಲದೇ ಎಂಬ ಬಗ್ಗೆ ಗಣನೀಯ ಅನಿಶ್ಚಿತತೆ ಇದೆ ಎನ್ನುವ ಭಾಗ. ವೊಡಾಫೋನ್ ಐಡಿಯಾದ ಆಡಿಟರ್‌ಗಳು ಹಲವು ವರ್ಷ ಈ ಮಾತನ್ನು ಬರೆದಿದ್ದಾರೆ. ಅಭಿಪ್ರಾಯ ಶುದ್ಧವೇ, ಏಕೆಂದರೆ ಸರ್ಕಾರಕ್ಕೆ ಕೊಡಬೇಕಾದ ಬಾಕಿಯನ್ನೂ ಅಪಾಯವನ್ನೂ ಕಂಪನಿ ಮುಚ್ಚಿಡದೆ ಲೆಕ್ಕದಲ್ಲಿ ಹೇಳಿತ್ತು. ಆದ್ದರಿಂದ ಶುದ್ಧ ಎಂಬ ಒಂದು ಪದ ನೋಡಿ ಪುಟ ಮಗುಚಬಾರದು. ಹಾಗೆಯೇ ಒಂದೇ ಕಂಪನಿಗೆ ಎರಡು ವರದಿ ಇರುತ್ತವೆ: ಕಂಪನಿಯದ್ದೇ ಒಂದು, ಅಂಗಸಂಸ್ಥೆಗಳನ್ನೂ ಸೇರಿಸಿದ್ದು ಇನ್ನೊಂದು. ಮೊದಲನೆಯದು ಶುದ್ಧವಾಗಿದ್ದು ಎರಡನೆಯದು ಷರತ್ತಿನದ್ದಾಗಿರಬಹುದು.

ಅಭಿಪ್ರಾಯವೇ ಇಲ್ಲದಾಗ

ಕೆಲವೊಮ್ಮೆ ಆಡಿಟರ್ ಈ ನಾಲ್ಕರಲ್ಲಿ ಯಾವುದನ್ನೂ ಬರೆಯದೆ ಹೊರಟುಹೋಗುತ್ತಾರೆ. ಮಾವಿನ ಪಾನೀಯ ಮಾರುತ್ತಿದ್ದ ವಡೋದರಾದ ಮನ್‌ಪಸಂದ್ ಬೆವರೇಜಸ್‌ನಲ್ಲಿ 2018ರ ಮೇ 30ಕ್ಕೆ ವಾರ್ಷಿಕ ಫಲಿತಾಂಶದ ಸಭೆ ನಿಗದಿಯಾಗಿತ್ತು. ಕೇಳಿದ ಮಾಹಿತಿಯನ್ನು ಕಂಪನಿ ಕೊಡಲಿಲ್ಲ ಎಂದು ಆಡಿಟರ್ ಅದಕ್ಕೆ ಕೆಲವೇ ದಿನ ಮುಂಚೆ ರಾಜೀನಾಮೆ ಕೊಟ್ಟರು. ಪೇಟೆ ತೆರೆದ ದಿನ ಷೇರು ಶೇ 20 ಕುಸಿದು ಕೆಳಮಿತಿಗೆ ತಾಗಿ ನಿಂತಿತು, ಮಾರಬೇಕೆಂದವರಿಗೆ ಕೊಳ್ಳುವವರಿರಲಿಲ್ಲ.

2019ರ ಅಕ್ಟೋಬರ್‌ನಲ್ಲಿ ಸೆಬಿ ಈ ದಾರಿಯನ್ನು ಕಿರಿದಾಗಿಸಿತು. ತ್ರೈಮಾಸಿಕ ಮುಗಿದ 45 ದಿನದೊಳಗೆ ರಾಜೀನಾಮೆ ಕೊಡುವ ಆಡಿಟರ್, ಹೋಗುವ ಮುನ್ನ ಆ ತ್ರೈಮಾಸಿಕದ ವರದಿ ಕೊಡಲೇಬೇಕು. ಅದಕ್ಕೂ ತಡವಾದರೆ ಮುಂದಿನ ತ್ರೈಮಾಸಿಕದ್ದನ್ನೂ ಮುಗಿಸಬೇಕು. ಮಾಹಿತಿ ಸಿಗದೇ ಇದ್ದರೆ ಸುಮ್ಮನೆ ಎದ್ದು ಹೋಗದೆ ವರದಿಯಲ್ಲೇ ಹಾಗೆ ಬರೆಯಬೇಕು. ರಾಜೀನಾಮೆಗೆ ಆಡಿಟರ್ ಕೊಟ್ಟ ಕಾರಣವನ್ನು ಕಂಪನಿ 24 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕು. ಆ ಪತ್ರದಲ್ಲಿ ‘ಪೂರ್ವನಿಗದಿತ ಕೆಲಸಗಳ ಒತ್ತಡ’ ಎಂಬಂಥ ಒಂದು ಸಾಲಷ್ಟೇ ಇದ್ದರೆ, ಬಿಟ್ಟುಹೋದದ್ದು ಯಾವ ಕೆಲಸದ ನಡುವೆ, ಯಾವ ಪ್ರಶ್ನೆಗೆ ಉತ್ತರ ಬಾಕಿಯಿತ್ತು ಎಂದು ವಾರ್ಷಿಕ ಮಹಾಸಭೆಯಲ್ಲಿ ಆಡಿಟ್ ಸಮಿತಿಯ ಅಧ್ಯಕ್ಷರನ್ನು ಕೇಳಲು ಒಂದೇ ಒಂದು ಷೇರು ಇರುವವರಿಗೂ ಹಕ್ಕಿದೆ.